ಗಿರಾಕಿಯ ಮನೆಯಲ್ಲಿ ಸಾವಾದಾಗ ಬಾಕಿ ಲೆಕ್ಕವನ್ನು ಏನು ಮಾಡಬೇಕು

ವ್ಯಾಪಾರದಲ್ಲಿರುವವರು ಸಂತಾಪದ ಮಾತು ಬರೆಯಲು ಕೂತಾಗ ಯೋಚನೆಯೆಲ್ಲ ಏನು ಬರೆಯಬೇಕು ಎಂಬುದರ ಸುತ್ತಲೇ ಇರುತ್ತದೆ. ನಾಲ್ಕು ಸಾಲು ಹೇಗೋ ಕೂಡಿಬರುತ್ತವೆ. ಕೆಡುವುದು ಮರುದಿನ. ಬೆಳಿಗ್ಗೆ ಹತ್ತೂವರೆಗೆ ನಮ್ಮದೇ ಅಂಗಡಿಯ ಅಕೌಂಟ್ಸ್ ಹುಡುಗ, ಪಾಪ, ತನ್ನ ಪಟ್ಟಿಯ ಪ್ರಕಾರ ಅದೇ ಗಿರಾಕಿಗೆ ಫೋನ್ ಹಚ್ಚಿ "ಸರ್, ಹತ್ತನೇ ತಾರೀಕಿನ ಪೇಮೆಂಟ್ ನೆನಪಿಸೋಣ ಅಂತ" ಅನ್ನುತ್ತಾನೆ. ಯಜಮಾನರ ಸಂದೇಶದ ಬೆಲೆ ಅಲ್ಲಿಗೆ ಮುಗಿಯಿತು. ಆದ್ದರಿಂದ ಸಂತಾಪ ಬರೆಯುವ ಮೊದಲು ಲೆಕ್ಕದ ಕಡೆ ನೋಡಬೇಕು ಅನ್ನುವುದು ನನ್ನ ಖಚಿತ ಅಭಿಪ್ರಾಯ. ಮುಂದಕ್ಕೆ ಹಾಕಬೇಕಾದ್ದನ್ನು ನಮ್ಮ ಮನೆಯೊಳಗೇ ಮುಂದಕ್ಕೆ ಹಾಕಿ, ಆಮೇಲೆ ಕೈಗೆ ಫೋನ್ ತೆಗೆದುಕೊಳ್ಳಬೇಕು.

ಒಂದು ಉದಾಹರಣೆ ಹಿಡಿದುಕೊಂಡೇ ಹೋಗೋಣ. ಬೆಂಗಳೂರಿನ ಚಿಕ್ಕಪೇಟೆಯಲ್ಲಿ ಸೀರೆಯ ಹೋಲ್‌ಸೇಲ್ ಅಂಗಡಿ. ದಾವಣಗೆರೆಯ ಒಬ್ಬ ಜವಳಿ ವ್ಯಾಪಾರಿ ಅಲ್ಲಿಯ ಹಳೆಯ ಗಿರಾಕಿ. ಜೂನ್ 3ರಂದು ಅವರ ತಾಯಿ ತೀರಿಕೊಂಡರು. ಆ ದಿನ ಅವರ ಖಾತೆಯಲ್ಲಿ ನಾಲ್ಕು ವಿಷಯ ಬಾಕಿ ಇವೆ. ಏಪ್ರಿಲ್ 11ರ ಬಿಲ್ಲು 4,80,000 ರೂಪಾಯಿ, ಅರವತ್ತು ದಿನದ ವಾಯಿದೆ, ಅಂದರೆ ಜೂನ್ 10ಕ್ಕೆ ಗಡುವು. ಅಷ್ಟರೊಳಗೆ ಹಣ ಬಂದರೆ ಶೇಕಡ 3 ಕ್ಯಾಶ್ ಡಿಸ್ಕೌಂಟ್. ಹಳೆಯ ಬಾಕಿಗೆ ಅವರು ಮೊದಲೇ ಬರೆದುಕೊಟ್ಟಿರುವ, ಜೂನ್ 5ರ ತಾರೀಕಿನ 1,50,000ದ ಚೆಕ್ಕು. ಜೂನ್ 2ರಂದು ಲಾರಿಗೆ ಹಾಕಿದ ಎರಡು ಪಾರ್ಸಲ್. ಮತ್ತೆ, ಶ್ರಾವಣಕ್ಕೆಂದು ಬುಕ್ ಮಾಡಿದ ನಲವತ್ತು ಸೀರೆಗೆ ಅವರು ಬಣ್ಣ ಆರಿಸಿ ಹೇಳಬೇಕಾಗಿದೆ.

ಮೊದಲು ಚೆಕ್ಕು, ಏಕೆಂದರೆ ಅದಕ್ಕೆ ಇನ್ನು ಎರಡೇ ದಿನ. ಅಕೌಂಟ್ಸ್ ವಿಭಾಗಕ್ಕೆ ಏನೂ ಹೇಳದಿದ್ದರೆ ಅದು ಜೂನ್ 5ರ ಬೆಳಿಗ್ಗೆ ತಾನಾಗಿ ಬ್ಯಾಂಕಿಗೆ ಹೋಗುತ್ತದೆ. ಬಹಳಷ್ಟು ವ್ಯಾಪಾರಿಗಳು ಚೆಕ್ಕಿನ ಹಿಂದಿನ ದಿನ ಅಥವಾ ಅದೇ ಬೆಳಿಗ್ಗೆ ಖಾತೆಗೆ ಹಣ ತುಂಬುವವರು. ತಾಯಿಯ ಮಣ್ಣು ಮುಗಿಸಿ ಎರಡನೇ ದಿನ ಕೂತ ಮನುಷ್ಯನಿಗೆ ಅದು ನೆನಪಿರುವುದಿಲ್ಲ. ಈಗಂತೂ ಹಾಕಿದ ಚೆಕ್ಕು ಅದೇ ದಿನ ತೀರ್ಮಾನವಾಗುವುದರಿಂದ, ಬ್ಯಾಂಕಿನವರು ಫೋನ್ ಮಾಡಿ ಹಣ ಕಟ್ಟಿಸುವಷ್ಟು ಹೊತ್ತೂ ಸಿಗುವುದಿಲ್ಲ. ಚೆಕ್ಕು ವಾಪಸ್ಸಾದರೆ ಅವರ ಬ್ಯಾಂಕು ದಂಡ ಹಾಕುತ್ತದೆ, ನಮ್ಮ ಬ್ಯಾಂಕೂ ಹಾಕುತ್ತದೆ. ಅದಕ್ಕಿಂತ ಕೆಟ್ಟದ್ದೆಂದರೆ ವಾಪಸ್ಸಾದ ಮೆಮೊ ಕೈಗೆ ಬಂದ ದಿನದಿಂದ ಕಾನೂನಿನ ಗಡಿಯಾರ ಓಡತೊಡಗುತ್ತದೆ. ಮೂವತ್ತು ದಿನದೊಳಗೆ ನೋಟಿಸ್ ಕೊಡದಿದ್ದರೆ ಆ ವಾಪಸಾತಿಯ ಮೇಲೆ ಕೇಸು ಹಾಕುವ ಹಕ್ಕು ಹೋಗುತ್ತದೆ. ಹಾಗೆ ನಮ್ಮ ವಕೀಲರೇ ನಮ್ಮನ್ನು ಅವಸರಪಡಿಸುವ ಸ್ಥಿತಿ ಬರುತ್ತದೆ. ಇಷ್ಟೆಲ್ಲ ಬೇಕಿಲ್ಲ. ಚೆಕ್ಕಿಗೆ ಅದರ ಮೇಲಿನ ತಾರೀಕಿನಿಂದ ಮೂರು ತಿಂಗಳ ಆಯುಷ್ಯವಿದೆ. 2012ರ ಏಪ್ರಿಲ್‌ನಿಂದ ರಿಸರ್ವ್ ಬ್ಯಾಂಕಿನ ನಿಯಮ ಇದು. ಜೂನ್ 5ರ ಚೆಕ್ಕು ಸೆಪ್ಟೆಂಬರ್ ಆರಂಭದವರೆಗೆ ನಡೆಯುತ್ತದೆ. ಇಪ್ಪತ್ತು ದಿನ ಡ್ರಾದಲ್ಲಿಟ್ಟರೆ ನಮ್ಮ ಹಕ್ಕು ಕೂದಲೆಳೆಯಷ್ಟೂ ಕಮ್ಮಿಯಾಗುವುದಿಲ್ಲ. ಚೆಕ್ಕಿಗೆ ಒಂದು ಚೀಟಿ ಅಂಟಿಸಿ "ಜೂನ್ 25ರವರೆಗೆ ಹಾಕಬಾರದು, ಹಾಕುವ ಮುನ್ನ ಯಜಮಾನರನ್ನು ಕೇಳಬೇಕು" ಎಂದು ಬರೆದು, ಅದರ ಕೆಳಗೆ "ಏನೇ ಆದರೂ ಆಗಸ್ಟ್ 20 ದಾಟಬಾರದು" ಎಂದೂ ಬರೆದಿಡಬೇಕು. ಎರಡನೆಯ ಸಾಲು ಮುಖ್ಯ. ದಾಕ್ಷಿಣ್ಯದಲ್ಲಿ ಇಟ್ಟ ಚೆಕ್ಕು ಮರೆತುಹೋಗಿ ಅವಧಿ ಮುಗಿದರೆ, ಹೊಸ ಚೆಕ್ಕು ಕೇಳುವ ಇನ್ನೊಂದು ಮುಜುಗರ ಕಾದಿರುತ್ತದೆ.

ಪಾರ್ಸಲ್‌ಗಳದ್ದು ಬೇರೆ ಕಥೆ. ಅವು ದಾರಿಯಲ್ಲಿವೆ, ಅವನ್ನು ಸುಮ್ಮನೆ ಮುಂದೂಡಲು ಆಗುವುದಿಲ್ಲ. ಬೆಂಗಳೂರಿನಿಂದ ದಾವಣಗೆರೆಗೆ ಸುಮಾರು 260 ಕಿಲೋಮೀಟರ್. ಪ್ರತಿ 200 ಕಿಲೋಮೀಟರ್‌ಗೆ ಒಂದು ದಿನದ ಲೆಕ್ಕದಲ್ಲಿ ಇ-ವೇ ಬಿಲ್ಲಿಗೆ ಎರಡು ದಿನ ಇರುತ್ತದೆ, ಲಾರಿ ಅಷ್ಟರೊಳಗೆ ತಲುಪಿಯೇ ಇರುತ್ತದೆ. ತೊಡಕು ಟ್ರಾನ್ಸ್‌ಪೋರ್ಟ್ ಗೋಡೌನಿನಲ್ಲಿ. ಮೂರು ನಾಲ್ಕು ದಿನ ಬಿಡಿಸಿಕೊಳ್ಳದಿದ್ದರೆ ಮಾಲು ಅಲ್ಲೇ ಉಳಿದದ್ದಕ್ಕೆ ಹಾಕುವ ಡ್ಯಾಮರೇಜ್ ಚಾರ್ಜು ಏರತೊಡಗುತ್ತದೆ, ಮತ್ತು ಟ್ರಾನ್ಸ್‌ಪೋರ್ಟ್‌ನವರು ಬಿಲ್ಲಿನ ಮೇಲಿರುವ ನಂಬರಿಗೆ, ಅಂದರೆ ಅವರಿಗೇ, ಫೋನ್ ಮಾಡುತ್ತಾರೆ. ಇದಕ್ಕೆ ಮದ್ದು ನಮ್ಮ ಕಡೆಯಿಂದ ಟ್ರಾನ್ಸ್‌ಪೋರ್ಟ್‌ನ ದಾವಣಗೆರೆ ಆಫೀಸಿಗೆ ಒಂದು ಫೋನ್. ಪಾರ್ಟಿಯ ಮನೆಯಲ್ಲಿ ಸಾವಾಗಿದೆ, ಅವರಿಗೆ ಫೋನ್ ಮಾಡಬೇಡಿ, ಮಾಲು ಒಳಗಿರಲಿ, ಏನಾದರೂ ಚಾರ್ಜು ಆದರೆ ನಮ್ಮ ಖಾತೆಗೆ ಹಾಕಿ ಎಂದು ಹೇಳಿದರೆ ಮುಗಿಯಿತು. ಅಂಗಡಿಯ ಗುಮಾಸ್ತನ ಪರಿಚಯವಿದ್ದರೆ ಅವನಿಗೂ ಹೇಳಬಹುದು. ಅಂಗಡಿ ತೆರೆದ ಮೇಲೆ ಅವನೇ ಬಿಡಿಸಿಕೊಳ್ಳುತ್ತಾನೆ. ಇನ್ನೂ ಲೋಡ್ ಆಗದ ಮಾಲಿದ್ದರೆ ಕಳಿಸಲೇಬಾರದು. ಶಟರ್ ಮುಚ್ಚಿದ ಅಂಗಡಿ ಮುಂದೆ ಆಟೋದಲ್ಲಿ ಸೀರೆಯ ಗಂಟು ಬಂದು ನಿಲ್ಲುವುದು, ಪಕ್ಕದ ಅಂಗಡಿಯವರು ಸಾವಿನ ಮನೆಗೆ ಫೋನ್ ಮಾಡಿ ಎಲ್ಲಿ ಇಳಿಸಲಿ ಎಂದು ಕೇಳುವುದು, ಇವು ನಿಜವಾಗಿ ಆಗುವ ಸಂಗತಿಗಳು.

ದೊಡ್ಡ ಬಿಲ್ಲಿನ ವಿಷಯಕ್ಕೆ ಬಂದರೆ, ಗಡುವು ಜೂನ್ 10. ಶಿವಗಣಾರಾಧನೆ ಜೂನ್ 13ಕ್ಕೆ ಎಂದು ಕಾರ್ಡು ಬಂದಿದೆ. ಹಾಗಾಗಿ ಹತ್ತಕ್ಕೆ ಹಣ ಬರುವುದಿಲ್ಲ ಎಂದು ಇವತ್ತೇ ತಿಳಿದುಕೊಂಡು ನಮ್ಮ ಕೊಡುವ ಲೆಕ್ಕವನ್ನು ಹೊಂದಿಸಿಕೊಳ್ಳಬೇಕು. ಬಿಲ್ಲಿಂಗ್ ಸಾಫ್ಟ್‌ವೇರಿನಲ್ಲಿ ಅವರ ಖಾತೆಯ ಕ್ರೆಡಿಟ್ ದಿನಗಳನ್ನು ಅರವತ್ತರಿಂದ ಎಂಬತ್ತಕ್ಕೆ ಬದಲಾಯಿಸಿದರೆ ಆ ಖಾತೆ ಬಾಕಿದಾರರ ಪಟ್ಟಿಯಿಂದ ತಾನೇ ಹೊರಗುಳಿಯುತ್ತದೆ, ತಾನಾಗಿ ಹೋಗುವ ಎಸ್‌ಎಂಎಸ್ಸೂ ವಾಟ್ಸಾಪ್ ನೆನಪೋಲೆಯೂ ನಿಲ್ಲುತ್ತವೆ. ಬಡ್ಡಿ ಲೆಕ್ಕ ತಾನಾಗಿ ಕೂಡುವಂತೆ ಇಟ್ಟಿದ್ದರೆ ಅದನ್ನೂ ಆ ಇಪ್ಪತ್ತು ದಿನಕ್ಕೆ ತೆಗೆಯಬೇಕು. ಬಹಳ ಜನ ಬಿಡುವುದು ಕ್ಯಾಶ್ ಡಿಸ್ಕೌಂಟನ್ನು. 4,80,000ಕ್ಕೆ ಶೇಕಡ 3 ಅಂದರೆ 14,400 ರೂಪಾಯಿ. ಪ್ರತಿ ಸಲ ವಾಯಿದೆಯೊಳಗೆ ಕೊಟ್ಟು ಆ ಡಿಸ್ಕೌಂಟ್ ಪಡೆಯುವ ಗಿರಾಕಿ, ಈ ಸಲ ತಾಯಿಯ ಕ್ರಿಯೆಯ ದಿನಗಳಲ್ಲಿ ಅದನ್ನು ಕಳೆದುಕೊಂಡರೆ ಬಾಯಿಬಿಟ್ಟು ಏನೂ ಅನ್ನುವುದಿಲ್ಲ, ಆದರೆ ಲೆಡ್ಜರ್ ನೋಡಿದಾಗ ಅವರಿಗೆ ಕಾಣುತ್ತದೆ. ಆ ಡಿಸ್ಕೌಂಟ್ ಜೂನ್ 30ರವರೆಗೂ ಊರ್ಜಿತ ಎಂದು ನಮ್ಮ ಪುಸ್ತಕದಲ್ಲಿ ಬರೆದಿಟ್ಟುಕೊಂಡು, ಹಣ ಬಂದ ದಿನ ಕೇಳದೆಯೇ ಕೊಟ್ಟುಬಿಡಬೇಕು. ಇದನ್ನು ಮುಂಚಿತವಾಗಿ ಅವರಿಗೆ ತಿಳಿಸುವ ಅಗತ್ಯವಿಲ್ಲ.

ಬಣ್ಣ ಆರಿಸುವುದು ನಿಜಕ್ಕೂ ಕಾಯಬಲ್ಲ ವಿಷಯ, ಆದರೆ ಅದಕ್ಕೂ ಒಂದು ತುದಿಯಿದೆ. ನೇಯ್ಗೆಯವರಿಗೆ ನೂಲಿನ ಬಣ್ಣ ಹೇಳಬೇಕಾದ ಕೊನೆಯ ದಿನ ಯಾವುದು ಎಂದು ಅವರನ್ನೇ ಕೇಳಿ ತಿಳಿದುಕೊಳ್ಳಬೇಕು. ಅದು ತಿಂಗಳ ಕೊನೆ ಎಂದಾದರೆ ಯೋಚನೆಯಿಲ್ಲ. ಹದಿನೈದಕ್ಕೇ ಹೇಳಬೇಕು ಎಂದಾದರೆ ಹೋದ ವರ್ಷ ಅವರಿಗೆ ಹೋದ ಬಣ್ಣಗಳ ಪಟ್ಟಿ ತೆಗೆದು ಅರ್ಧದಷ್ಟನ್ನು, ಅಂದರೆ ಇಪ್ಪತ್ತು ಸೀರೆಯನ್ನು, ನಾವೇ ಹಾಕಿಸಿ ಉಳಿದದ್ದನ್ನು ಬಿಡುವುದು ಒಳ್ಳೆಯದು. ಅವರಿಗೆ ಒಪ್ಪಿಗೆಯಾಗದಿದ್ದರೆ ಆ ಇಪ್ಪತ್ತನ್ನು ಚಿಕ್ಕಪೇಟೆಯಲ್ಲೇ ಬೇರೆಯವರಿಗೆ ಕೊಡಬಹುದು. ನಲವತ್ತನ್ನೂ ಊಹೆಯ ಮೇಲೆ ಹಾಕಿಸುವುದು ಬೇಡ; ಆಮೇಲೆ ಅದು ಅವರ ತಲೆಗೆ ಕಟ್ಟಿದಂತಾಗುತ್ತದೆ.

ಇನ್ನೊಬ್ಬರಿದ್ದಾರೆ, ಏಜೆಂಟ್. ಜವಳಿ ವ್ಯಾಪಾರದಲ್ಲಿ ವಸೂಲಿ ಅರ್ಧದಷ್ಟು ಅವರ ಬಾಯಿಂದಲೇ ನಡೆಯುತ್ತದೆ. ಈ ಟ್ರಿಪ್ಪಿನಲ್ಲಿ ಆ ಅಂಗಡಿಗೆ ವಸೂಲಿಗೆ ಹೋಗಬೇಡಿ, ಮನೆಗೆ ಹೋಗಿ ಮಾತಾಡಿಸಿಕೊಂಡು ಬನ್ನಿ ಎಂದು ಹೇಳಬೇಕು. ಜೊತೆಗೆ ಇನ್ನೊಂದು ಮಾತು, ಹೆಚ್ಚು ಗಟ್ಟಿಯಾಗಿ: ಅವರ ಪೇಮೆಂಟ್ ನಿಂತಿದೆ ಎಂದು ಎಲ್ಲಿಯೂ ಆಡಬಾರದು. ಪೇಟೆಯಲ್ಲಿ ಅಂಥ ಮಾತಿಗೆ ಕಾರಣ ಜೊತೆಗೆ ಹೋಗುವುದಿಲ್ಲ. ತಾಯಿ ತೀರಿಕೊಂಡಿದ್ದರಿಂದ ಹತ್ತು ದಿನ ತಡವಾಯಿತು ಎಂಬುದು ನಾಲ್ಕನೆಯ ಅಂಗಡಿಗೆ ಹೋಗುವಷ್ಟರಲ್ಲಿ ಆ ಪಾರ್ಟಿ ವೀಕು ಎಂದಾಗಿರುತ್ತದೆ, ಮತ್ತೊಬ್ಬ ಸಪ್ಲೈಯರ್ ಮಾಲು ನಿಲ್ಲಿಸುತ್ತಾನೆ. ಮುಂದೂಡಿದ್ದು ನಮ್ಮ ಗೋಡೆಯೊಳಗೇ ಇರಬೇಕು ಅನ್ನುವುದಕ್ಕೆ ಇದೇ ದೊಡ್ಡ ಕಾರಣ.

ಇಷ್ಟು ಮುಗಿಸಲು ಅರ್ಧ ಗಂಟೆ ಸಾಕು. ಈಗ ಸಂದೇಶ.

ಮೊದಲ ಪ್ರಶ್ನೆ ಯಾವ ದಾರಿಯಲ್ಲಿ ಕಳಿಸುವುದು ಎಂಬುದು. ವಾಟ್ಸಾಪ್ ತೆರೆದು ಅವರ ಹೆಸರು ಒತ್ತಿದಾಗ ಮೇಲೆ ಏನು ಕಾಣುತ್ತದೆ ನೋಡಿ. ಹಿಂದಿನ ವಾರ ನಮ್ಮ ಕಡೆಯಿಂದ ಹೋದ "ಅಣ್ಣ, ಬ್ಯಾಲೆನ್ಸ್ ಸ್ವಲ್ಪ ನೋಡಿ", ಅದರ ಕೆಳಗೆ ಬಾಕಿಯ ಪಿಡಿಎಫ್. ಅದಕ್ಕೆ ಅಂಟಿಕೊಂಡೇ ಸಂತಾಪದ ಸಾಲು ಕೂರುತ್ತದೆ. ಅವರು ಅದನ್ನು ಓದುವಾಗ ಮೇಲಿನದೂ ಕಣ್ಣಿಗೆ ಬೀಳುತ್ತದೆ. ಹಳೆಯದನ್ನು ಅಳಿಸೋಣವೆಂದರೆ ಅಳಿಸಿದ ಗುರುತು ಅಲ್ಲಿ ಉಳಿಯುತ್ತದೆ, ಅದು ಇನ್ನೂ ಕೆಟ್ಟದ್ದು. ಹೀಗಿದ್ದಾಗ ಅಂಗಡಿಯ ನಂಬರಿನಿಂದ ಬೇಡ, ಯಜಮಾನರ ಸ್ವಂತ ನಂಬರಿನಿಂದ ಕಳಿಸಬೇಕು. ಅಂಗಡಿಯ ಬಿಸಿನೆಸ್ ಖಾತೆಗೆ ಇನ್ನೊಂದು ಅಪಾಯವೂ ಇದೆ. ಅವರು ರಾತ್ರಿ "ಥ್ಯಾಂಕ್ಸ್ ಅಣ್ಣ" ಎಂದು ಉತ್ತರಿಸಿದರೆ, "ನಮ್ಮನ್ನು ಸಂಪರ್ಕಿಸಿದ್ದಕ್ಕೆ ಧನ್ಯವಾದ, ಹೊಸ ಕಲೆಕ್ಷನ್‌ಗಾಗಿ ಕ್ಯಾಟಲಾಗ್ ನೋಡಿ" ಎಂಬ ಸ್ವಯಂ ಉತ್ತರ ಹೋಗಿಬಿಡುತ್ತದೆ. ಈಮೇಲ್ ಆದರೆ ಹಳೆಯ ಬಾಕಿಯ ಪತ್ರಕ್ಕೆ ಉತ್ತರವಾಗಿ ಬರೆಯಬಾರದು, ಹೊಸದಾಗಿ ಶುರುಮಾಡಬೇಕು, ಮತ್ತು ಕೆಳಗೆ ತಾನಾಗಿ ಬರುವ ಸಹಿಯಲ್ಲಿ ಬ್ಯಾಂಕ್ ಖಾತೆಯ ವಿವರ ಇದೆಯೇ ನೋಡಿ ತೆಗೆಯಬೇಕು. ಲೆಟರ್‌ಹೆಡ್ಡಿನ ಅಡಿಯಲ್ಲೂ ಅದೇ ಇರುತ್ತದೆ. ಸಂತಾಪದ ಕಾಗದದ ಕೆಳಗೆ ಖಾತೆ ಸಂಖ್ಯೆ, ಐಎಫ್‌ಎಸ್‌ಸಿ ಕೋಡು ಅಚ್ಚಾಗಿದ್ದರೆ ಅದನ್ನು ಯಾರೂ ಸಂತಾಪ ಎಂದು ಓದುವುದಿಲ್ಲ. ಬಿಳಿ ಹಾಳೆಯೇ ಒಳ್ಳೆಯದು.

ವ್ಯಾಪಾರಿಗಳ ಗುಂಪಿನಲ್ಲಿ ನಲವತ್ತು ಜನ "ಓಂ ಶಾಂತಿ" ಹಾಕಿದ ಮೇಲೆ ನಲವತ್ತೊಂದನೆಯದಾಗಿ ಹಾಕುವುದು ಲೆಕ್ಕಕ್ಕಿಲ್ಲ. ದೀಪದ ಚಿತ್ರ, ಹಾರದ ಚಿತ್ರವೂ ಅಷ್ಟೇ. ನೇರವಾಗಿ, ಅವರೊಬ್ಬರಿಗೇ, ಸಾಧ್ಯವಾದರೆ ಅದೇ ದಿನ ಬರೆಯಬೇಕು. ಸಾವಿಗೆ ಯಾವ ಮಾತು ಬಳಸಬೇಕು ಎಂಬ ಗೊಂದಲವಿದ್ದರೆ, ಆ ಮನೆಯವರೇ ಕಳಿಸಿದ ಸುದ್ದಿಯಲ್ಲಿ ಅಥವಾ ಕಾರ್ಡಿನಲ್ಲಿ ಏನಿದೆಯೋ ಅದನ್ನೇ ಬಳಸಬೇಕು. ಲಿಂಗಾಯತರ ಮನೆಯಿಂದ ಲಿಂಗೈಕ್ಯರಾದರು ಎಂದು ಬಂದಿದ್ದಾಗ ವೈಕುಂಠವಾಸಿಗಳಾದರು ಎಂದು ಬರೆದರೆ ಆ ಮನೆಯನ್ನು ಬಲ್ಲವರ ಮಾತಿನಂತೆ ಅದು ಕೇಳುವುದಿಲ್ಲ. ಮುಸ್ಲಿಂ ಅಥವಾ ಕ್ರೈಸ್ತ ಗಿರಾಕಿಗೆ ನಮಗೆ ಸರಿಯಾಗಿ ಬಾರದ ಅವರ ಪ್ರಾರ್ಥನೆಯ ಸಾಲನ್ನು ತಪ್ಪಾಗಿ ಬರೆಯುವುದಕ್ಕಿಂತ "ತೀರಿಕೊಂಡ ವಿಷಯ ಕೇಳಿ ಬಹಳ ಬೇಸರವಾಯಿತು" ಎಂಬುದು ಎಷ್ಟೋ ಮೇಲು.

ಆ ದಾವಣಗೆರೆಯ ಗಿರಾಕಿಗೆ ಹೀಗೆ ಬರೆಯಬಹುದು:

"ಅಣ್ಣ, ಅಮ್ಮ ಲಿಂಗೈಕ್ಯರಾದ ವಿಷಯ ಈಗ ಗೊತ್ತಾಯಿತು. ಬಹಳ ಬೇಸರವಾಯಿತು. ನಾವು ನಿಮ್ಮ ಅಂಗಡಿಗೆ ಬಂದಾಗಲೆಲ್ಲ ಗಲ್ಲಾದ ಪಕ್ಕ ಕೂತಿರುತ್ತಿದ್ದರು, ಊಟ ಮಾಡದೆ ಬಸ್ಸು ಹತ್ತಲು ಬಿಡುತ್ತಿರಲಿಲ್ಲ. ನಮ್ಮ ಹುಡುಗರೂ ಅದನ್ನೇ ನೆನೆಸಿಕೊಳ್ಳುತ್ತಿದ್ದಾರೆ. ನಿಮಗೂ ಅತ್ತಿಗೆಗೂ ಮಕ್ಕಳಿಗೂ ಇದನ್ನು ತಡೆದುಕೊಳ್ಳುವ ಶಕ್ತಿ ಸಿಗಲಿ. ಬೆಂಗಳೂರಿನಿಂದ ಬರುವ ನೆಂಟರಿಗೆ ಗಾಡಿ ಬೇಕಿದ್ದರೆ ನಮ್ಮ ಡ್ರೈವರ್ ಇದ್ದಾನೆ, ಅವನ ನಂಬರು ನಿಮ್ಮ ತಮ್ಮನಿಗೆ ಕಳಿಸಿದ್ದೇನೆ. 13ಕ್ಕೆ ಬರುತ್ತೇವೆ. ಇದಕ್ಕೆ ಉತ್ತರ ಬರೆಯುವುದು ಬೇಡ."

ಇದರಲ್ಲಿ ತೂಕವಿರುವುದು ಗಲ್ಲಾದ ಸಾಲಿಗೆ. ಆ ಒಂದು ಸಾಲು ಬೇರೆ ಯಾರ ತಾಯಿಗೂ ಹೊಂದುವುದಿಲ್ಲ. ತಾಯಿಯನ್ನು ನೋಡಿಯೇ ಇಲ್ಲವೆಂದರೆ ನೋಡಿದಂತೆ ಬರೆಯಬಾರದು, ಮಗನ ಕಡೆಯಿಂದ ಕಂಡದ್ದನ್ನು ಬರೆಯಬಹುದು: "ಅಮ್ಮನನ್ನು ನೋಡುವುದಾಗಲಿಲ್ಲ. ಅವರ ಮಾತ್ರೆಯ ಹೊತ್ತಾಯಿತೆಂದು ನೀವು ಮಾತಿನ ನಡುವೆ ಎದ್ದು ಫೋನ್ ಮಾಡುತ್ತಿದ್ದದ್ದು ನೆನಪಿದೆ." ಏನಾದರೂ ಬೇಕಿದ್ದರೆ ಹೇಳಿ ಎಂಬ ಮಾತಿನ ಬದಲು ಗಾಡಿಯ ಮಾತು ಬಂದಿರುವುದನ್ನು ಗಮನಿಸಿ. ಏನು ಬೇಕು ಎಂದು ಯೋಚಿಸಿ ಕೇಳುವ ಕೆಲಸವನ್ನು ಅವರ ಮೇಲೆ ಹಾಕದೆ ಒಂದನ್ನು ಮಾಡಿಯೇ ತಿಳಿಸುವುದು ಲೇಸು. ವಯಸ್ಸಾಗಿತ್ತಲ್ಲ ಅನ್ನುವುದು, ಏನಾಗಿತ್ತು ಎಂದು ಕೇಳುವುದು, ಇವೆರಡೂ ಬೇಡ.

ಮತ್ತೆ ಆ ಸಂದೇಶದಲ್ಲಿ ಇಲ್ಲದ್ದು. ಪೇಮೆಂಟ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ, ನಿಧಾನವಾಗಿ ಕೊಡಿ ಎಂಬ ಸಾಲು ಒಳ್ಳೆಯ ಮನಸ್ಸಿನಿಂದಲೇ ಬರುತ್ತದೆ, ಬಹಳ ಜನ ಬರೆಯುತ್ತಾರೆ. ಆದರೆ ಆ ಕ್ಷಣದವರೆಗೆ ಅವರ ತಲೆಯಲ್ಲಿ ಪೇಮೆಂಟ್ ಇರಲೇ ಇಲ್ಲ. ನಾವೇ ತಂದು ಇಟ್ಟೆವು. ಅದರ ಮೇಲೆ ಉಪಕಾರದ ಭಾರ ಬೇರೆ. ಒಂದೇ ಒಂದು ಸಂದರ್ಭದಲ್ಲಿ ಹೇಳುವುದು ಸರಿ. ಅವರೇ ಒಂದು ದಿನ ಮಾತು ಕೊಟ್ಟಿದ್ದರೆ, ಉದಾಹರಣೆಗೆ ಆರನೇ ತಾರೀಕು ಬೆಂಗಳೂರಿಗೆ ಬಂದು ಬಣ್ಣ ಆರಿಸುತ್ತೇನೆ ಎಂದಿದ್ದರೆ, ಆ ಮಾತು ಅವರನ್ನು ಚುಚ್ಚುತ್ತಿರಬಹುದು. ಆಗಲೂ ಅವರಿಗೆ ಹೇಳದೆ ತಮ್ಮನಿಗೋ ಗುಮಾಸ್ತನಿಗೋ ಹೇಳಬೇಕು: "ಆರನೇ ತಾರೀಕಿನದ್ದು ಇಲ್ಲಿ ನೋಡಿಕೊಂಡಿದ್ದೇವೆ, ಅಣ್ಣ ಕೇಳಿದರೆ ಮಾತ್ರ ಹೇಳಿ."

ದುಡ್ಡು ನಮಗೇ ತುರ್ತಾಗಿದ್ದರೆ? ಎಲ್ಲರಿಗೂ ಇಪ್ಪತ್ತು ದಿನ ತಡೆಯುವ ಶಕ್ತಿ ಇರುವುದಿಲ್ಲ. ನೇಕಾರರ ಕೂಲಿ ವಾರಕ್ಕೆ ಕೊಡಬೇಕು. ಹಾಗಿದ್ದರೆ ಮೂರು ನಾಲ್ಕು ದಿನ ಕಳೆದ ಮೇಲೆ ಅಂಗಡಿಯ ವ್ಯವಹಾರ ನೋಡುತ್ತಿರುವ ಇನ್ನೊಬ್ಬರಿಗೆ, ಒಂದೇ ಸಲ ಫೋನ್ ಮಾಡಿ, ಪೂರ್ತಿಯನ್ನಲ್ಲದೆ ಬೇಕಾದಷ್ಟನ್ನೇ ಕೇಳಬೇಕು: "ಈ ಹೊತ್ತಲ್ಲಿ ಕೇಳುವುದಕ್ಕೆ ಸಂಕೋಚ. ಕೂಲಿಗೆ ಒಂದು ಲಕ್ಷ ಕಮ್ಮಿ ಬೀಳುತ್ತಿದೆ. ನಿಮ್ಮ ಕೈಯಲ್ಲಾದರೆ ನೋಡಿ, ಇಲ್ಲದಿದ್ದರೆ ಇಲ್ಲಿ ಹೊಂದಿಸಿಕೊಳ್ಳುತ್ತೇನೆ." ಸಂತಾಪದ ಮಾತಿನೊಳಗೆ ಸುತ್ತಿ ಸೂಚ್ಯವಾಗಿ ಕೇಳುವುದಕ್ಕಿಂತ ಇದು ಮರ್ಯಾದೆ.

ಮತ್ತೆ ವ್ಯವಹಾರ ಯಾವಾಗ ಶುರುಮಾಡುವುದು ಎಂಬುದು ಮನೆಯಿಂದ ಮನೆಗೆ ಬೇರೆ. ಬ್ರಾಹ್ಮಣರಲ್ಲಿ ಹದಿಮೂರನೆಯ ದಿನ ಶುಭಸ್ವೀಕಾರ ಮುಗಿಯುವವರೆಗೆ ಬಾಯಿ ತೆರೆಯುವಂತಿಲ್ಲ. ಹಳೇ ಮೈಸೂರಿನ ಎಷ್ಟೋ ಮನೆಗಳಲ್ಲಿ ಹನ್ನೊಂದರ ತಿಥಿಯ ಆಚೆಗೆ. ಮುಸ್ಲಿಮರಲ್ಲಿ ಮೂರು ದಿನದ ದುಃಖಾಚರಣೆಯ ನಂತರ ಗಂಡಸರು ಅಂಗಡಿಗೆ ಬರುವುದುಂಟು. ಆದರೆ ಗಂಡ ತೀರಿದ ಹೆಂಗಸಿನದೇ ವ್ಯವಹಾರವಾಗಿದ್ದರೆ ಇದ್ದತ್‌ನ ನಾಲ್ಕು ತಿಂಗಳು ಹತ್ತು ದಿನ ಆಕೆಯನ್ನು ಭೇಟಿಗೆ ಕರೆಯದೆ, ಆಕೆ ಹೇಳಿದವರ ಮೂಲಕ ನಡೆಸಬೇಕು. ಕ್ರಿಯೆಯ ದಿನವೇ, ಊಟದ ಪಂಕ್ತಿಯಿಂದ ಎದ್ದು ಕೈ ತೊಳೆಯುವಲ್ಲಿ, ಹಾಗೇ ಆ ಬಣ್ಣದ್ದು ಅನ್ನುವವರಿದ್ದಾರೆ. 13ಕ್ಕೆ ಹೋದವರು ಊಟ ಮಾಡಿ, ಮನೆಯವರಿಗೆ ಹೇಳಿ, ಹೊರಟು ಬರಬೇಕು.

ಅಂಗಡಿ ತೆರೆದು ಮೂರು ನಾಲ್ಕು ದಿನವಾದ ಮೇಲೆ, ನಮ್ಮ ಲೆಕ್ಕದಲ್ಲಿ ಜೂನ್ 18ರ ಸುಮಾರಿಗೆ, ಮೊದಲ ಫೋನ್ ಮಾಡಬೇಕು. ಅದರಲ್ಲಿ ವ್ಯವಹಾರ ಬೇಡ. ಅವರು ಎತ್ತಿದರೆ ಉತ್ತರ ಕೊಟ್ಟರಾಯಿತು. ಹೆಚ್ಚಿನವರು ಅವರೇ ಎತ್ತುತ್ತಾರೆ. ಎರಡು ದಿನ ಬಿಟ್ಟು ಮೊದಲ ವ್ಯವಹಾರದ ಮಾತು ಬಣ್ಣದ್ದಾಗಿರಲಿ, ಬಾಕಿಯದ್ದಲ್ಲ. ಇಪ್ಪತ್ತೊಂದು, ಇಪ್ಪತ್ತೆರಡರ ಹೊತ್ತಿಗೆ ನಮ್ಮ ಅಕೌಂಟ್ಸ್ ಹುಡುಗ ಅವರ ಗುಮಾಸ್ತನಿಗೆ, ಇಬ್ಬರ ಮಟ್ಟದಲ್ಲೇ, "ಲೆಡ್ಜರ್ ಕಳಿಸಿದ್ದೇನೆ, ಟ್ಯಾಲಿ ಮಾಡಿಕೊಳ್ಳಿ. ಚೆಕ್ಕು ಇನ್ನೂ ಹಾಕಿಲ್ಲ, 25ಕ್ಕೆ ಹಾಕಬಹುದಾ ಕೇಳಿ ಹೇಳಿ" ಅನ್ನಬೇಕು. ಆ ಲೆಡ್ಜರಿನಲ್ಲಿ ಬಡ್ಡಿಯ ಸಾಲಿರಬಾರದು. ಬಿಲ್ಲಿನ ಎದುರು ಕೆಂಪಕ್ಷರದಲ್ಲಿ ಗಡುವು ಮೀರಿದೆ ಎಂದು ತಾನಾಗಿ ಅಚ್ಚಾಗುತ್ತಿದ್ದರೆ ಅದನ್ನೂ ನೋಡಿ ತೆಗೆದು ಕಳಿಸಬೇಕು.

ತೀರಿಕೊಂಡವರು ಗಿರಾಕಿಯ ತಂದೆಯಾಗಿದ್ದು, ಅಂಗಡಿಯೂ ಅವರ ಒಬ್ಬರ ಹೆಸರಿನಲ್ಲೇ ಇದ್ದರೆ ಲೆಕ್ಕ ಬೇರೆಯಾಗುತ್ತದೆ. ಅವರ ಸಹಿಯ ಚೆಕ್ಕನ್ನು ಬ್ಯಾಂಕಿಗೆ ಹಾಕಲೇಬಾರದು. ಸಾವಿನ ಸುದ್ದಿ ತಲುಪಿದ ಮೇಲೆ ಬ್ಯಾಂಕು ಅದನ್ನು ಪಾಸ್ ಮಾಡುವುದಿಲ್ಲ. ಖಾತೆಯ ಹಣ ಮಕ್ಕಳ ಕೈಗೆ ಬರಲು ಮರಣ ಪ್ರಮಾಣಪತ್ರ, ನಾಮಿನಿ ಅಥವಾ ವಾರಸುದಾರರ ಕಾಗದಗಳು ಬೇಕು, ಅದು ಇಪ್ಪತ್ತು ದಿನದಲ್ಲಿ ಮುಗಿಯುವಂಥದ್ದಲ್ಲ. ಎರಡು ಮೂರು ತಿಂಗಳು ಎಂದುಕೊಂಡೇ ನಮ್ಮ ಲೆಕ್ಕ ಹಾಕಿಕೊಳ್ಳಬೇಕು. ಜಿಎಸ್‌ಟಿ ನೋಂದಣಿಯೂ ತೀರಿಕೊಂಡವರ ಹೆಸರಿನದ್ದು. ವ್ಯಾಪಾರ ಮುಂದುವರಿಸುವ ಮಗ ಹೊಸ ನೋಂದಣಿ ಪಡೆಯಬೇಕಾಗುತ್ತದೆ. ಆದ್ದರಿಂದ ಕ್ರಿಯೆ ಮುಗಿದ ಮೇಲೆ ಮೊದಲು ಕೇಳಬೇಕಾದ್ದು ಹಣವನ್ನಲ್ಲ. ಮುಂದಿನ ಬಿಲ್ಲು ಯಾರ ಹೆಸರಿಗೆ, ಯಾವ ನಂಬರಿಗೆ ಹಾಕಬೇಕು ಎಂಬುದನ್ನು. ಅದಕ್ಕೆ ಉತ್ತರ ಬರುವವರೆಗೆ ಹಳೆಯ ಹೆಸರಿಗೆ ಹೊಸ ಬಿಲ್ಲು ಹಾಕಬಾರದು, ಮಾಲು ಕಾಯ್ದಿಟ್ಟುಕೊಂಡಿರಬೇಕು. ಹಳೆಯ ಬಾಕಿಯ ಒಂದು ಪ್ರತಿಯನ್ನು, ಬಿಲ್ಲುಗಳ ನಕಲಿನ ಜೊತೆ, ಮಗ ಕೇಳಿದ ದಿನ ಕೊಡಲು ಸಿದ್ಧವಾಗಿಟ್ಟಿರಬೇಕು. ತಂದೆಯ ವ್ಯವಹಾರ ಎಷ್ಟಿತ್ತು ಎಂಬುದು ಎಷ್ಟೋ ಮಕ್ಕಳಿಗೆ ಸಪ್ಲೈಯರುಗಳ ಪುಸ್ತಕದಿಂದಲೇ ಮೊದಲ ಸಲ ತಿಳಿಯುತ್ತದೆ. ಹಾಗಾಗಿ ಆ ಪ್ರತಿಯಲ್ಲಿ ಅವರಿಗೆ ಬರಬೇಕಾದ ಡಿಸ್ಕೌಂಟು, ವಾಪಸ್ ಬಂದ ಮಾಲಿನ ಕ್ರೆಡಿಟ್ ನೋಟು, ಎಲ್ಲವನ್ನೂ ನಾವೇ ಕಳೆದು ನಿವ್ವಳ ಮೊತ್ತವನ್ನೇ ಬರೆದಿರಬೇಕು.